ಬೆಳಿಗ್ಗೆ ಮರೆತ ಕ್ರಿಯೇಟಿನ್ ರಾತ್ರಿ ಕುಡಿದರೆ ಹಾಳೇ?

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ, ತೂಕ 68 ಕೆ.ಜಿ., ಸಸ್ಯಾಹಾರಿ. ಬೆಳಿಗ್ಗೆ 6ರಿಂದ 7 ಜಿಮ್. ಎರಡು ತಿಂಗಳಿಂದ ದಿನಾ 5 ಗ್ರಾಂ ಕ್ರಿಯೇಟಿನ್ ತಗೋತಿದ್ದೀನಿ. ವರ್ಕೌಟ್ ಮುಗಿದ ಅರ್ಧ ಗಂಟೆಯೊಳಗೆ ಕುಡೀಬೇಕು, ಇಲ್ಲಾಂದ್ರೆ ವೇಸ್ಟ್ ಅಂತಾರೆ ಟ್ರೈನರ್. ಮೊನ್ನೆ ಡಬ್ಬಿ ಮನೇಲೇ ಮರೆತು ರಾತ್ರಿ 9ಕ್ಕೆ ಕುಡಿದೆ. ಒಂದು ಸಲ ಕುಡಿದದ್ದು ರಕ್ತದಲ್ಲಿ ಎಷ್ಟು ಹೊತ್ತು ಇರುತ್ತೆ? ಆ ದಿನದ್ದು ಹಾಳಾಯ್ತಾ?

ಉತ್ತರ: ಹಾಳಾಗಿಲ್ಲ. ರಾತ್ರಿ 9ಕ್ಕೆ ಕುಡಿದದ್ದೂ ಬೆಳಿಗ್ಗೆ ಕುಡಿದಷ್ಟೇ ಕೆಲಸಕ್ಕೆ ಬಂದಿದೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ನೀವು ಕೇಳಿದ ರಕ್ತದ ಲೆಕ್ಕವನ್ನೇ ಬಿಡಿಸಿ ನೋಡಿದರೆ ಕಾರಣ ಗೊತ್ತಾಗುತ್ತದೆ.

ಕ್ರಿಯೇಟಿನ್ ನಿಮ್ಮ ರಕ್ತದಲ್ಲಿ ಯಾವಾಗಲೂ ಸ್ವಲ್ಪ ಇದ್ದೇ ಇರುತ್ತದೆ. ಪೌಡರ್ ಮುಟ್ಟದವರಲ್ಲೂ ಇರುತ್ತದೆ, ಏಕೆಂದರೆ ಕಿಡ್ನಿ ಮತ್ತು ಲಿವರ್ ಸೇರಿ ದಿನಕ್ಕೆ ಸುಮಾರು 1 ಗ್ರಾಂ ತಯಾರಿಸುತ್ತವೆ. ಮಾಂಸ, ಮೀನು ತಿನ್ನುವವರಲ್ಲಿ ಒಂದು ಲೀಟರ್ ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣಗಳನ್ನು ಬಿಟ್ಟ ತಿಳಿ ಭಾಗದಲ್ಲಿ, ಸುಮಾರು 6ರಿಂದ 7 ಮಿಲಿಗ್ರಾಂ ಇರುತ್ತದೆ. ನಿಮ್ಮಂಥ ಸಸ್ಯಾಹಾರಿಗಳಲ್ಲಿ ಪೌಡರ್ ಶುರು ಮಾಡುವ ಮೊದಲು ಇದಕ್ಕಿಂತ ಕಡಿಮೆ.

ಈಗ 5 ಗ್ರಾಂ ಪೌಡರ್ ಕುಡಿದಿರಿ ಅಂದುಕೊಳ್ಳಿ. ಮೊದಲು ಒಂದು ಸಣ್ಣ ವಿಷಯ. ಡಬ್ಬಿಯಲ್ಲಿರುವುದು ಕ್ರಿಯೇಟಿನ್ ಮೊನೊಹೈಡ್ರೇಟ್. ಅದರ ತೂಕದಲ್ಲಿ ನೀರಿನ ಪಾಲೂ ಇದೆ. ಹಾಗಾಗಿ 5 ಗ್ರಾಂನಲ್ಲಿ ನಿಜವಾದ ಕ್ರಿಯೇಟಿನ್ ಸುಮಾರು 4.4 ಗ್ರಾಂ. ಅದನ್ನು ಕರುಳು ಹೆಚ್ಚುಕಡಿಮೆ ಪೂರ್ತಿಯಾಗಿ ಹೀರಿಕೊಳ್ಳುತ್ತದೆ, ಮಲದಲ್ಲಿ ಹೋಗುವುದು ತೀರಾ ಕಡಿಮೆ.

ಆಮೇಲೆ ರಕ್ತದಲ್ಲಿ ಏನಾಗುತ್ತದೆ ಅನ್ನುವುದನ್ನು ಮೊದಲ ಬಾರಿ ಚೆನ್ನಾಗಿ ಅಳೆದು ತೋರಿಸಿದವರು ರೋಜರ್ ಹ್ಯಾರಿಸ್, ಕರಿನ್ ಸೋಡರ್‌ಲುಂಡ್ ಮತ್ತು ಎರಿಕ್ ಹಲ್ಟ್‌ಮನ್. ಸ್ವೀಡನ್ನಿನಲ್ಲಿ ಮಾಡಿದ ಆ ಕೆಲಸ 1992ರಲ್ಲಿ ಪ್ರಕಟವಾಯಿತು. ಪೌಡರನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಕುಡಿಸಿ, ಆಗಾಗ ರಕ್ತ ತೆಗೆದು ನೋಡಿದರು. 1 ಗ್ರಾಂ ಕೊಟ್ಟಾಗ ರಕ್ತದ ಮಟ್ಟ ಸ್ವಲ್ಪ ಏರಿ ಇಳಿಯಿತು, ಅಷ್ಟೆ. 5 ಗ್ರಾಂ ಕೊಟ್ಟಾಗ ಕತೆಯೇ ಬೇರೆ. ಸುಮಾರು ಒಂದು ಗಂಟೆಗೆ ಲೀಟರಿಗೆ 100 ಮಿಲಿಗ್ರಾಂ ದಾಟಿತು. ಅಂದರೆ ಮಾಮೂಲಿಗಿಂತ 15 ಪಟ್ಟು ಜಾಸ್ತಿ. ಇದನ್ನೇ ಎಲ್ಲರೂ ಶಿಖರ ಅನ್ನುವುದು, ನಿಮ್ಮ ಟ್ರೈನರ್ ತಲೆಯಲ್ಲಿರುವುದೂ ಬಹುಶಃ ಇದೇ.

ಶಿಖರದ ನಂತರ ಇಳಿತ. ಹೆಚ್ಚಾದ ಭಾಗ ಅರ್ಧಕ್ಕೆ ಇಳಿಯಲು ಸುಮಾರು 3 ಗಂಟೆ ಬೇಕು, ಕೆಲವರಲ್ಲಿ ಇನ್ನೂ ಬೇಗ. ನೀವು ರಾತ್ರಿ 9ಕ್ಕೆ ಕುಡಿದಿರಿ. 10ಕ್ಕೆ ಶಿಖರ, ಲೀಟರಿಗೆ ಸುಮಾರು 100 ಮಿಲಿಗ್ರಾಂ. ರಾತ್ರಿ 1ಕ್ಕೆ ನೀವು ಗಾಢ ನಿದ್ದೆಯಲ್ಲಿರುವಾಗ 50ರ ಸುತ್ತಮುತ್ತ. ಬೆಳಗಿನ ಜಾವ 4ಕ್ಕೆ 25. 7ಕ್ಕೆ ಜಿಮ್ ಮುಗಿಸುವ ಹೊತ್ತಿಗೆ 12, 15. ಆಮೇಲೆ ಇನ್ನು ಕೆಲವು ಗಂಟೆಯಲ್ಲಿ ಮತ್ತೆ ಮಾಮೂಲಿ ಮಟ್ಟ. ಇದು ಅಂದಾಜು ಲೆಕ್ಕ. ನಿಮ್ಮ ರಕ್ತವನ್ನೇ ಅಳೆದರೆ ಅಂಕಿ ಹಿಂದೆಮುಂದೆ ಆಗಬಹುದು, ಆದರೆ ಗೆರೆ ಏರುವ, ಇಳಿಯುವ ರೀತಿ ಇದೇ.

ಇದನ್ನು ನೋಡಿದವರಿಗೆ ಸಹಜವಾಗಿ ಬರುವ ಯೋಚನೆ ಒಂದೇ: ಹಾಗಾದರೆ ಶಿಖರ ಇರುವಾಗಲೇ ವರ್ಕೌಟ್ ಮಾಡಬೇಕಲ್ವಾ? ಕಾಫಿಯ ವಿಷಯದಲ್ಲಿ ಈ ಯೋಚನೆ ಸರಿ. ಕೆಫೀನ್ ರಕ್ತದಲ್ಲಿ ಇರುವ ತನಕ ಕೆಲಸ ಮಾಡುತ್ತದೆ, ಇಳಿದ ಮೇಲೆ ಪರಿಣಾಮವೂ ಇಳಿಯುತ್ತದೆ. ಕ್ರಿಯೇಟಿನ್ ಹಾಗಲ್ಲ. ರಕ್ತದಲ್ಲಿ ಓಡಾಡುವ ಕ್ರಿಯೇಟಿನ್ ನಿಮಗೆ ಒಂದು ಕೆ.ಜಿ. ಎತ್ತಲೂ ಸಹಾಯ ಮಾಡುವುದಿಲ್ಲ. ಕೆಲಸ ಮಾಡುವುದು ಸ್ನಾಯುವಿನ ಒಳಗೆ ಆಗಲೇ ಸೇರಿಕೊಂಡಿರುವ ಕ್ರಿಯೇಟಿನ್.

ಸ್ನಾಯುವಿನಲ್ಲಿ ಅದರ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಭಾಗ ಫಾಸ್ಫೇಟ್ ಅಂಟಿಸಿಕೊಂಡು ಫಾಸ್ಫೋಕ್ರಿಯೇಟಿನ್ ಆಗಿ ಕೂತಿರುತ್ತದೆ. ಭಾರ ಎತ್ತುವ ಮೊದಲ ಕೆಲವು ಸೆಕೆಂಡುಗಳಲ್ಲಿ ಸ್ನಾಯುವಿನ ನೇರ ಇಂಧನವಾದ ಎಟಿಪಿ ಖರ್ಚಾದ ಹಾಗೆ ಈ ಫಾಸ್ಫೇಟ್ ಹೋಗಿ ಅದನ್ನು ಮತ್ತೆ ತುಂಬುತ್ತದೆ. ಸೆಟ್ ಮುಗಿಸಿ ಎರಡು ಮೂರು ನಿಮಿಷ ಕೂತಾಗ ಅದೇ ಕ್ರಿಯೇಟಿನ್ ಮತ್ತೆ ಫಾಸ್ಫೇಟ್ ಹಿಡಿದುಕೊಳ್ಳುತ್ತದೆ. ಗಮನಿಸಿ, ಈ ಇಡೀ ವ್ಯವಹಾರದಲ್ಲಿ ರಕ್ತದಿಂದ ಹೊಸ ಕ್ರಿಯೇಟಿನ್ ಬರುವ ಅಗತ್ಯವೇ ಇಲ್ಲ. ಒಳಗಿರುವುದೇ ತಿರುಗಿ ತಿರುಗಿ ಬಳಕೆಯಾಗುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಲೆಕ್ಕಕ್ಕೆ ಬರೋಣ. ನಿಮ್ಮ ದೇಹದಲ್ಲಿ ಪ್ಲಾಸ್ಮಾ ಇರುವುದು ಹತ್ತಿರ ಹತ್ತಿರ 3 ಲೀಟರ್. ಶಿಖರದಲ್ಲಿ ಲೀಟರಿಗೆ 100 ಮಿಲಿಗ್ರಾಂ ಅಂದರೆ, ಒಟ್ಟು 300 ಮಿಲಿಗ್ರಾಂ. ಅಂದರೆ ಒಂದು ಗ್ರಾಂನ ಮೂರನೇ ಒಂದು ಭಾಗವೂ ಇಲ್ಲ! ನೀವು ನುಂಗಿದ 4.4 ಗ್ರಾಂನಲ್ಲಿ ಯಾವ ಕ್ಷಣ ನೋಡಿದರೂ ಪ್ಲಾಸ್ಮಾದಲ್ಲಿ ಸಿಗುವುದು ಇಷ್ಟೇ. ಉಳಿದದ್ದು ಇನ್ನೂ ಕರುಳಿನಲ್ಲಿದೆ, ಇಲ್ಲವೇ ಆಗಲೇ ರಕ್ತನಾಳ ದಾಟಿ ಅಂಗಾಂಶಗಳ ನಡುವಿನ ನೀರಿಗೋ, ಸ್ನಾಯುವಿಗೋ, ಮೂತ್ರಕ್ಕೋ ಹೋಗಿದೆ.

ಇದರ ಪಕ್ಕದಲ್ಲಿ ಸ್ನಾಯುವಿನ ದಾಸ್ತಾನು ಇಟ್ಟು ನೋಡಿ. 70 ಕೆ.ಜಿ. ಗಂಡಸಿನ ದೇಹದಲ್ಲಿ ಸುಮಾರು 120 ಗ್ರಾಂ ಕ್ರಿಯೇಟಿನ್ ಇರುತ್ತದೆ. ಅದರಲ್ಲಿ ನೂರಕ್ಕೆ 95 ಭಾಗ ಸ್ನಾಯುಗಳಲ್ಲೇ. ಸಸ್ಯಾಹಾರಿಗಳು ಸ್ವಲ್ಪ ಕಡಿಮೆಯಿಂದ ಶುರು ಮಾಡುತ್ತಾರೆ. ಹಾಗಾಗಿ ಪೌಡರ್ ತೆಗೆದುಕೊಂಡಾಗ ಅವರಲ್ಲೇ ಏರಿಕೆ ಜಾಸ್ತಿ. ಎರಡು ತಿಂಗಳು ಬಿಡದೆ ತೆಗೆದುಕೊಂಡ ನಿಮ್ಮಲ್ಲಿ ಈಗ ಸುಮಾರು 140 ಗ್ರಾಂ ಇದೆ ಅಂತಿಟ್ಟುಕೊಳ್ಳೋಣ.

ಬೆಂಗಳೂರಿನ ಮನೆಗಳಲ್ಲಿ ಸಂಪ್ ಇರುತ್ತದಲ್ಲ, ಹಾಗೆ ಯೋಚಿಸಿ. ಕಾವೇರಿ ನೀರು ಯಾವಾಗಲೋ ಬರುತ್ತದೆ, ಕೆಲವು ಬೀದಿಗೆ ನಡುರಾತ್ರಿ, ಕೆಲವು ಬೀದಿಗೆ ಮಧ್ಯಾಹ್ನ. ಪೈಪಿನಲ್ಲಿ ನೀರು ರಭಸವಾಗಿ ಬರುವುದು ಒಂದೆರಡು ಗಂಟೆ ಮಾತ್ರ. ಆದರೆ ಬೆಳಿಗ್ಗೆ ನೀವು ನಲ್ಲಿ ತಿರುಗಿಸಿದಾಗ ಬರುವುದು ಸಂಪಿನಲ್ಲಿ ತುಂಬಿಟ್ಟ ನೀರು. ಪೈಪು ಆಗ ಒಣಗಿದ್ದರೂ ನಿಮಗೆ ಗೊತ್ತೇ ಆಗುವುದಿಲ್ಲ. ರಕ್ತ ಆ ಪೈಪು, ಸ್ನಾಯು ಸಂಪು.

ಹಾಗಾದರೆ ಸಂಪಿನಿಂದ ದಿನಕ್ಕೆ ಎಷ್ಟು ಖಾಲಿಯಾಗುತ್ತದೆ? ಇದೇ ನಿಮ್ಮ ಪ್ರಶ್ನೆಯ ಜೀವಾಳ. ಕ್ರಿಯೇಟಿನ್ ಯಾವ ಕಿಣ್ವದ ಸಹಾಯವೂ ಇಲ್ಲದೆ ತಾನಾಗಿಯೇ ನಿಧಾನವಾಗಿ ಕ್ರಿಯಾಟಿನಿನ್ ಆಗಿ ಬದಲಾಗುತ್ತದೆ. ಅದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಈ ಸೋರಿಕೆ ದಿನಕ್ಕೆ ದಾಸ್ತಾನಿನ ನೂರಕ್ಕೆ 1.7ರಷ್ಟು. ನಿಮ್ಮ 140 ಗ್ರಾಂಗೆ ದಿನಕ್ಕೆ 2.4 ಗ್ರಾಂ, ಗಂಟೆಗೆ 0.1 ಗ್ರಾಂ. ನೀವು ವ್ಯಾಯಾಮ ಮಾಡಿದರೂ ಮಲಗಿದ್ದರೂ ಇದು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ನಡೆಯುತ್ತಿರುತ್ತದೆ.

ಮೊನ್ನೆ ಬೆಳಿಗ್ಗೆ 7ಕ್ಕೆ ಕುಡಿಯಬೇಕಿದ್ದದ್ದನ್ನು ರಾತ್ರಿ 9ಕ್ಕೆ ಕುಡಿದಿರಿ. 14 ಗಂಟೆ ತಡ. ಆ 14 ಗಂಟೆಯಲ್ಲಿ ಸೋರಿದ್ದು 1.4 ಗ್ರಾಂ. ನೂರಕ್ಕೆ ಒಂದು ಭಾಗ. ಅದರಲ್ಲೂ ಒಂದಷ್ಟನ್ನು ನಿಮ್ಮ ದೇಹವೇ ತಯಾರಿಸಿ ತುಂಬಿದೆ. ಉಳಿದದ್ದನ್ನು ರಾತ್ರಿಯ 5 ಗ್ರಾಂ ತುಂಬಿತು. ತೊಡೆಯಿಂದ ಸ್ನಾಯುವಿನ ಚೂರು ತೆಗೆದು ಪರೀಕ್ಷೆ ಮಾಡಿದರೂ ಇಷ್ಟು ಸಣ್ಣ ವ್ಯತ್ಯಾಸ ಕಾಣಿಸುವುದಿಲ್ಲ. ಬಾರ್ ಎತ್ತುವಾಗ ನಿಮಗೆ ಕಾಣಿಸುವ ಮಾತೇ ಇಲ್ಲ.

ಕೆಲವರು ಇಷ್ಟಕ್ಕೆ ಒಪ್ಪುವುದಿಲ್ಲ. "ಸರಿ, ದಾಸ್ತಾನು ಮುಖ್ಯ. ಆದರೆ ಶಿಖರ ಎತ್ತರ ಇದ್ದಷ್ಟೂ ಸ್ನಾಯುವಿಗೆ ಜಾಸ್ತಿ ನುಗ್ಗುತ್ತದಲ್ವಾ?" ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಉತ್ತರ ಸ್ನಾಯುವಿನ ಬಾಗಿಲಲ್ಲಿದೆ.

ಕ್ರಿಯೇಟಿನ್ ಸ್ನಾಯುಕೋಶದ ಗೋಡೆ ದಾಟಿ ತಾನಾಗಿ ಒಳಗೆ ಹೋಗಲಾರದು. ಒಳಗೆ ಅದು ಹೊರಗಿಗಿಂತ ನೂರಾರು ಪಟ್ಟು ಹೆಚ್ಚು ಸಾಂದ್ರವಾಗಿ ತುಂಬಿರುತ್ತದೆ. ಅದನ್ನು ಎಳೆದು ಒಳಗೆ ಹಾಕಲು ಗೋಡೆಯಲ್ಲಿ ಒಂದು ಸಾಗಣೆ ಪ್ರೋಟೀನ್ ಇದೆ. ಅದು ಸೋಡಿಯಂ ಜೊತೆಗೆ ಕ್ರಿಯೇಟಿನ್ನನ್ನು ಒಳಗೆ ದಾಟಿಸುತ್ತದೆ. ಈ ಬಾಗಿಲುಗಳ ಸಂಖ್ಯೆ ಮಿತಿಯಲ್ಲಿದೆ, ವೇಗಕ್ಕೂ ಮಿತಿ ಇದೆ. ಮದುವೆ ಮನೆಯ ಪಂಕ್ತಿಯಂತೆ. ಎಲೆ ಹಾಕಿರುವುದು 100 ಆದರೆ, ಹೊರಗೆ 200 ಜನ ನಿಂತಿದ್ದರೂ 800 ಜನ ನಿಂತಿದ್ದರೂ ಒಂದು ಪಂಕ್ತಿಗೆ ಕೂರುವವರು 100 ಜನವೇ.

ಕ್ರಿಯೇಟಿನ್ ವಿಷಯದಲ್ಲಿ ಈ ಪಂಕ್ತಿ ಬಹಳ ಬೇಗ ತುಂಬುತ್ತದೆ. ರಕ್ತದಲ್ಲಿ ಸಾಮಾನ್ಯ ದಿನಗಳಲ್ಲಿ ಇರುವಷ್ಟು ಕ್ರಿಯೇಟಿನ್‌ಗೇ ಬಾಗಿಲುಗಳು ಹತ್ತಿರ ಹತ್ತಿರ ಅರ್ಧ ವೇಗದಲ್ಲಿ ಓಡುತ್ತಿರುತ್ತವೆ. ಲೀಟರಿಗೆ 25 ಮಿಲಿಗ್ರಾಂ ಆಗುವಷ್ಟರಲ್ಲಿ ಬಹುಪಾಲು ವೇಗ ಬಂದಿರುತ್ತದೆ. 100 ಆದರೆ ಇನ್ನು ಸ್ವಲ್ಪ ಸೇರುತ್ತದೆ, ನಾಲ್ಕು ಪಟ್ಟಲ್ಲ. ಅಂದರೆ ಶಿಖರ ತೀರಾ ಎತ್ತರ ಆಗಿ ಪ್ರಯೋಜನವಿಲ್ಲ. ಕೆಲವು ಗಂಟೆ ಸಾಕಷ್ಟು ಮಟ್ಟ ಇದ್ದರೆ ಆಯಿತು. ಆ ಕೆಲವು ಗಂಟೆ ಹಗಲಿನದ್ದೋ ರಾತ್ರಿಯದ್ದೋ ಎಂದು ಬಾಗಿಲಿಗೆ ಗೊತ್ತಿಲ್ಲ.

ಪಂಕ್ತಿ ಸಿಗದೆ ಹೊರಗೆ ಉಳಿದವರ ಗತಿ ಏನು? ಕಿಡ್ನಿ. ಸಾಮಾನ್ಯವಾಗಿ ಕಿಡ್ನಿ ಕ್ರಿಯೇಟಿನ್ನನ್ನು ಸೋಸಿದ ಮೇಲೂ ಬಹುತೇಕ ವಾಪಸ್ ಹೀರಿಕೊಳ್ಳುತ್ತದೆ. ಆದರೆ ರಕ್ತದಲ್ಲಿ ತುಂಬಾ ಜಾಸ್ತಿಯಾದಾಗ ಅದರಿಂದಲೂ ಆಗುವುದಿಲ್ಲ, ಮೂತ್ರಕ್ಕೆ ಹರಿದುಹೋಗುತ್ತದೆ. ಅದೇ 1992ರ ಅಧ್ಯಯನದಲ್ಲಿ ದಿನಕ್ಕೆ ಹಲವು ಬಾರಿ 5 ಗ್ರಾಂ ಕೊಟ್ಟು ನೋಡಿದರು. ಮೊದಲ ದಿನ ಕೊಟ್ಟದ್ದರಲ್ಲಿ ನೂರಕ್ಕೆ 40 ಭಾಗ ಮೂತ್ರದಲ್ಲಿ ಹೋಯಿತು. ಎರಡನೇ ದಿನ 61, ಮೂರನೇ ದಿನ 68. ಸ್ನಾಯು ತುಂಬುತ್ತಾ ಬಂದ ಹಾಗೆ ಒಳಗೆ ಎಳೆದುಕೊಳ್ಳುವುದು ಕಡಿಮೆಯಾಯಿತು, ಸೋರಿಕೆ ಜಾಸ್ತಿಯಾಯಿತು.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ರಕ್ತದಲ್ಲಿ ಎತ್ತರದ ಶಿಖರ ಕಂಡರೆ ಅದು ಒಳ್ಳೆಯ ಸುದ್ದಿ ಅಂತ ಭಾವಿಸಬೇಡಿ. ಎಷ್ಟೋ ಸಲ ಅದರ ಅರ್ಥ ಸ್ನಾಯು ತೆಗೆದುಕೊಳ್ಳುತ್ತಿಲ್ಲ ಅಂತ. 1996ರಲ್ಲಿ ಗ್ರೀನ್ ಮತ್ತು ಸಂಗಡಿಗರು ಕ್ರಿಯೇಟಿನ್ ಜೊತೆಗೆ ಪ್ರತಿ ಸಲವೂ ಸುಮಾರು 93 ಗ್ರಾಂ ಸಕ್ಕರೆಯಂಥ ಕಾರ್ಬೋಹೈಡ್ರೇಟ್ ಕುಡಿಸಿದರು. ಇನ್ಸುಲಿನ್ ಏರಿತು, ಸ್ನಾಯುವಿಗೆ ಹೆಚ್ಚು ಕ್ರಿಯೇಟಿನ್ ಸೇರಿತು. ಆದರೆ ರಕ್ತದಲ್ಲಿ ಅದರ ಮಟ್ಟ ಬರೀ ಕ್ರಿಯೇಟಿನ್ ಕುಡಿದವರಿಗಿಂತ ಕಡಿಮೆಯೇ ಇತ್ತು. "ನಮ್ಮ ಪೌಡರ್ ರಕ್ತದ ಮಟ್ಟವನ್ನು ಬೇಗ ಏರಿಸುತ್ತದೆ" ಅಂತ ಯಾರಾದರೂ ದುಬಾರಿ ಡಬ್ಬಿ ತೋರಿಸಿದರೆ ಇದನ್ನು ನೆನಪಿಡಿ. ಹಾಗೆಂದು ದಿನಾ 93 ಗ್ರಾಂ ಸಕ್ಕರೆ ನೀರು ಕುಡಿಯಲು ನಾನು ಖಂಡಿತ ಹೇಳುವುದಿಲ್ಲ. ತಿಂಡಿ ಅಥವಾ ಊಟದ ಜೊತೆ ತೆಗೆದುಕೊಂಡರೆ ಸಾಕು.

ಸಮಯ ಅಷ್ಟೇನೂ ಮುಖ್ಯವಲ್ಲ ಅನ್ನುವುದಕ್ಕೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಹಲ್ಟ್‌ಮನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ. ಒಂದು ಗುಂಪು 6 ದಿನ ದಿನಕ್ಕೆ 20 ಗ್ರಾಂ ತೆಗೆದುಕೊಂಡಿತು, ದಿನದಲ್ಲಿ ಹಲವು ಸಲ ಹಂಚಿಕೊಂಡು. ಇನ್ನೊಂದು ಗುಂಪು 28 ದಿನ ದಿನಕ್ಕೆ ಬರೀ 3 ಗ್ರಾಂ. ಇವರಿಬ್ಬರ ರಕ್ತದ ಗೆರೆಯನ್ನು ಊಹಿಸಿಕೊಳ್ಳಿ. ಒಬ್ಬರದ್ದು ದಿನಕ್ಕೆ ಹಲವು ಸಲ ಏರಿ ಇಳಿಯುವ ಬೆಟ್ಟಸಾಲು. ಇನ್ನೊಬ್ಬರದ್ದು ದಿನಕ್ಕೊಂದು ಸಣ್ಣ ದಿಬ್ಬ, ಉಳಿದ ಹೊತ್ತೆಲ್ಲ ಬಯಲು. ಕೊನೆಗೆ ಸ್ನಾಯು ಪರೀಕ್ಷೆ ಮಾಡಿದರೆ ಎರಡೂ ಗುಂಪಿನಲ್ಲಿ ಏರಿಕೆ ಒಂದೇ, ನೂರಕ್ಕೆ ಸುಮಾರು 20. ರಕ್ತದ ಏರಿಳಿತ ಅಷ್ಟೊಂದು ಬೇರೆ ಇದ್ದರೂ ತಲುಪಿದ ಜಾಗ ಒಂದೇ ಆದಾಗ, ಬೆಳಿಗ್ಗೆ ಏಳೂಕಾಲೋ ಏಳೂಮುಕ್ಕಾಲೋ ಎಂಬ ಚರ್ಚೆಗೆ ಏನು ಬೆಲೆ ಉಳಿಯುತ್ತದೆ?

ನಿಮ್ಮ ಟ್ರೈನರ್ ಮಾತು ಎಲ್ಲಿಂದ ಬಂತು ಅನ್ನುವುದನ್ನೂ ಹೇಳಬೇಕು. ಅವರು ಪೂರ್ತಿ ಗಾಳಿಯಲ್ಲಿ ಮಾತಾಡುತ್ತಿಲ್ಲ. ವ್ಯಾಯಾಮ ಮಾಡಿದ ಸ್ನಾಯು ಹೆಚ್ಚು ಕ್ರಿಯೇಟಿನ್ ಸೇರಿಸಿಕೊಳ್ಳುವುದು ನಿಜ. ಹ್ಯಾರಿಸ್ ತಂಡ ಕೆಲವರಿಗೆ ದಿನಕ್ಕೊಂದು ಗಂಟೆ ಒಂದೇ ಕಾಲಿನಲ್ಲಿ ವ್ಯಾಯಾಮ ಮಾಡಿಸಿತ್ತು. ಆ ಕಾಲಿನ ಸ್ನಾಯುವಿನಲ್ಲಿ ಇನ್ನೊಂದು ಕಾಲಿಗಿಂತ ಹೆಚ್ಚು ಸೇರಿತ್ತು. ಆದರೆ ಅದು ಕೆಲವು ದಿನಗಳ ಒಟ್ಟು ಪರಿಣಾಮ. ದಿನಾ ದುಡಿದ ಕಾಲು ದಿನಾ ಹೆಚ್ಚು ತೆಗೆದುಕೊಂಡಿತು. ಅರ್ಧ ಗಂಟೆಯ ಕಿಟಕಿ ಎಂಬುದು ಅದರಲ್ಲಿ ಎಲ್ಲೂ ಇಲ್ಲ.

ಆಮೇಲೆ 2013ರಲ್ಲಿ ಆಂಟೋನಿಯೊ ಮತ್ತು ಚಿಕೋನೆ 19 ಜನರ ಮೇಲೆ 4 ವಾರದ ಪ್ರಯೋಗ ಮಾಡಿದರು. ಅರ್ಧ ಜನ ವರ್ಕೌಟ್‌ಗೆ ಮೊದಲು 5 ಗ್ರಾಂ, ಉಳಿದವರು ನಂತರ. ನಂತರ ಕುಡಿದವರ ಅಂಕಿ ಸ್ವಲ್ಪ ಚೆನ್ನಾಗಿ ಕಂಡಿತು, ಆದರೆ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಇರಲಿಲ್ಲ. ಗುಂಪಿಗೆ ಒಂಬತ್ತು ಹತ್ತು ಜನ ಇರುವಾಗ ಒಬ್ಬಿಬ್ಬರಿಂದಲೇ ಸರಾಸರಿ ಅಲುಗಾಡುತ್ತದೆ. ಜಿಮ್‌ಗಳಲ್ಲಿ "ನಂತರವೇ ಬೆಸ್ಟ್" ಅನ್ನುವ ಮಾತಿನ ಬೇರು ಬಹುಮಟ್ಟಿಗೆ ಇಲ್ಲಿದೆ. ಆಮೇಲೆ ವಯಸ್ಸಾದವರಲ್ಲೂ ಮೊದಲು, ನಂತರ ಎಂದು ಹೋಲಿಸಿ ನೋಡಿದ್ದಾರೆ. ಅಲ್ಲೂ ಎರಡೂ ಒಂದೇ ರೀತಿ ಕೆಲಸ ಮಾಡಿದವು.

ಇನ್ನು, ಆ ಅರ್ಧ ಗಂಟೆಯ ನಿಯಮ ರಕ್ತದ ಗೆರೆಗೂ ಹೊಂದುವುದಿಲ್ಲ. 7ಕ್ಕೆ ವರ್ಕೌಟ್ ಮುಗಿಸಿ ಏಳೂಕಾಲಿಗೆ ಕುಡಿದರೆ ಶಿಖರ ಬರುವುದು ಎಂಟೂಕಾಲಿಗೆ. ಅಷ್ಟರಲ್ಲಿ ನಿಮ್ಮ ಸ್ನಾಯುವಿಗೆ ಹರಿಯುವ ರಕ್ತ ಬಹುತೇಕ ಮಾಮೂಲಿಗೆ ಬಂದಿರುತ್ತದೆ, ನೀವು ಆಫೀಸಿಗೆ ಬಸ್ ಹಿಡಿದಿರುತ್ತೀರಿ. ವ್ಯಾಯಾಮದ ನಡುವೆಯೇ ಶಿಖರ ಬೇಕೆಂದರೆ ಐದೂವರೆಗೆ ಎದ್ದು ಕುಡಿಯಬೇಕಿತ್ತು. ಅದರಿಂದಲೂ ವಿಶೇಷ ಲಾಭ ಇಲ್ಲ, ಕಾರಣ ಆಗಲೇ ನೋಡಿದೆವು.

ಈಗ ನೀವು ಮಾಡಬೇಕಾದದ್ದು. ನಿಮ್ಮ ಸ್ನಾಯು ತುಂಬಿದೆ, ದಿನಕ್ಕೆ ಸೋರುವುದು 2.4 ಗ್ರಾಂ. ಹಾಗಾಗಿ ನಿಮ್ಮ ತೂಕಕ್ಕೆ 3 ಗ್ರಾಂ ಪೌಡರ್ ಸಾಕು. 5 ತೆಗೆದುಕೊಂಡರೆ ತೊಂದರೆ ಇಲ್ಲ, ಹೆಚ್ಚಾದದ್ದು ಮೂತ್ರಕ್ಕೆ ಹೋಗುತ್ತದೆ, ಡಬ್ಬಿ ಬೇಗ ಖಾಲಿಯಾಗುತ್ತದೆ. ಮರೆಯದ ಹೊತ್ತಿಗೆ ಕಟ್ಟಿಕೊಳ್ಳಿ. ತಿಂಡಿ ತಟ್ಟೆ ಪಕ್ಕದಲ್ಲೇ ಡಬ್ಬಿ ಇಟ್ಟರೆ ಜಿಮ್ ಇಲ್ಲದ ಭಾನುವಾರವೂ ನೆನಪಾಗುತ್ತದೆ. ಜಿಮ್ ಬ್ಯಾಗಿನಲ್ಲಿಟ್ಟವರು ರಜೆ ದಿನ ಬಿಟ್ಟುಬಿಡುತ್ತಾರೆ, ಇದನ್ನು ನಾನು ಬಹಳ ಸಲ ನೋಡಿದ್ದೇನೆ.

ಒಂದು ದಿನ ಪೂರ್ತಿ ತಪ್ಪಿದರೆ ಮರುದಿನ ಮಾಮೂಲಿನಷ್ಟೇ ತೆಗೆದುಕೊಳ್ಳಿ. ಎರಡು ದಿನದ್ದು ಸೇರಿಸಿ 10 ಗ್ರಾಂ ಒಟ್ಟಿಗೆ ಬೇಡ. ಶಿಖರ ದೊಡ್ಡದಾಗುತ್ತದೆ, ತಡವಾಗಿ ಬರುತ್ತದೆ, ಆದರೆ ಪಂಕ್ತಿಯಲ್ಲಿ ಎಲೆಗಳು ಅಷ್ಟೇ. ಜೊತೆಗೆ ಕರಗದೆ ಉಳಿದ ಪೌಡರ್ ಕರುಳಿಗೆ ನೀರು ಎಳೆದು ಭೇದಿ ಆಗಬಹುದು. ವಾರಗಟ್ಟಲೆ ಬಿಟ್ಟಾಗ ಮಾತ್ರ ದಾಸ್ತಾನು ನಿಜಕ್ಕೂ ಇಳಿಯುತ್ತದೆ. ಪೂರ್ತಿ ನಿಲ್ಲಿಸಿದವರಲ್ಲಿ ಹಳೆಯ ಮಟ್ಟಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ಹತ್ತು ದಿನ ಊರಿಗೆ ಹೋಗಿ ಬಂದರೂ ನಿಮ್ಮಲ್ಲಿ ಬಹುಪಾಲು ಉಳಿದಿರುತ್ತದೆ.

ಒಂದು ಕಡೆ ಮಾತ್ರ ಸಮಯ ನೋಡಿ, ಅದು ನೀರಿಗೆ ಕಲಸಿದ ಮೇಲೆ. ಕ್ರಿಯೇಟಿನ್ ಪೌಡರ್ ಆಗಿ ಬಹಳ ಕಾಲ ಕೆಡದೆ ಇರುತ್ತದೆ. ನಿಂಬೆ ಶರಬತ್ತಿನಂಥ ಹುಳಿ ಪಾನೀಯದಲ್ಲಿ ಕಲಸಿ ದಿನಗಟ್ಟಲೆ ಇಟ್ಟರೆ ಬಾಟಲಿಯಲ್ಲೇ ಕ್ರಿಯಾಟಿನಿನ್ ಆಗಿ ಬದಲಾಗುತ್ತಾ ಹೋಗುತ್ತದೆ. ಮೂರು ದಿನದಲ್ಲಿ ಐದನೇ ಒಂದು ಭಾಗದಷ್ಟು ಹೋಗಬಹುದು. ಕಲಸಿದ ದಿನವೇ ಕುಡಿದುಬಿಡಿ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ಇಲ್ಲಿ ಹೆದರಿ ಓಡಿ ಬರುವವರು ತುಂಬಾ ಜನ. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಕಿಡ್ನಿ ಹೇಗಿದೆ ಅಂತ ನೋಡಲು ಅಳೆಯುವುದು ಕ್ರಿಯೇಟಿನ್ ಅಲ್ಲ, ಕ್ರಿಯಾಟಿನಿನ್. ನಿಮ್ಮ ದಾಸ್ತಾನು ಜಾಸ್ತಿ ಇರುವುದರಿಂದ ಅದರಿಂದ ಹುಟ್ಟುವ ಕ್ರಿಯಾಟಿನಿನ್ ಕೂಡ ಸ್ವಲ್ಪ ಜಾಸ್ತಿ. 0.9 ಇದ್ದದ್ದು 1.05 ಆಗಿ ಕಾಣಬಹುದು, ಕಿಡ್ನಿ ಚೆನ್ನಾಗಿಯೇ ಇದ್ದರೂ. ಪರೀಕ್ಷೆಗೆ ಎರಡು ದಿನ ಮೊದಲು ಪೌಡರ್ ಬಿಟ್ಟರೆ ಸರಿಹೋಗುತ್ತದೆ ಅಂತ ಹಲವರು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಎರಡು ದಿನದಲ್ಲಿ ರಕ್ತದ ಶಿಖರ ಹೋಗಿರುತ್ತದೆ, ಸ್ನಾಯುವಿನ ದಾಸ್ತಾನು ಹಾಗೇ ಇರುತ್ತದೆ. ಅದಕ್ಕೇ ರಕ್ತ ಕೊಡುವಾಗಲೇ ಡಾಕ್ಟರಿಗೆ "ಕ್ರಿಯೇಟಿನ್ ತಗೋತಿದ್ದೀನಿ" ಅಂತ ಹೇಳಿ. ಅನುಮಾನ ಉಳಿದರೆ ಸಿಸ್ಟಾಟಿನ್ ಸಿ ಎಂಬ ಬೇರೆ ಪರೀಕ್ಷೆ ಇದೆ, ಕ್ರಿಯೇಟಿನ್ ಪೌಡರ್‌ನಿಂದ ಅದು ಏರುವುದಿಲ್ಲ. ಮೊದಲೇ ಕಿಡ್ನಿ ತೊಂದರೆ ಇರುವವರು ಮಾತ್ರ ಪೌಡರ್ ಶುರು ಮಾಡುವ ಮುಂಚೆಯೇ ತಮ್ಮ ಡಾಕ್ಟರನ್ನು ಕೇಳಬೇಕು.